ನೆಟ್ಟಿನ ಎರಡೂ ಕಡೆ ನನ್ನ ಹುಡುಗಿಯರು

ಕುರುಗೋಡಿನ ಸರ್ಕಾರಿ ಶಾಲೆಗೆ ದೈಹಿಕ ಶಿಕ್ಷಕಿಯಾಗಿ ಹೋದಾಗ ನನಗೆ ಮೂವತ್ತೈದು ದಾಟಿತ್ತು. ಅಲ್ಲಿಯವರೆಗೆ ಬಳ್ಳಾರಿಯ ಗಾಂಧಿನಗರದಲ್ಲಿ ಅಣ್ಣನ ಮನೆಯಲ್ಲಿದ್ದೆ. ಮದುವೆ ಆಗಿರಲಿಲ್ಲ. ಒಂದು ಕಾಲಕ್ಕೆ ಮನೆಯಲ್ಲಿ ಅದರ ಮಾತು ಬಹಳ ಇತ್ತು, ಆಮೇಲೆ ಕಡಿಮೆಯಾಯಿತು, ಕೊನೆಗೆ ಆ ಮಾತು ತೆಗೆಯದಿರುವುದೇ ಒಂದು ಮರ್ಯಾದೆ ಎಂಬಂತೆ ಎಲ್ಲರೂ ಸುಮ್ಮನಾದರು. ಅತ್ತಿಗೆ ಕೆಟ್ಟವಳಲ್ಲ. ಬೆಳಿಗ್ಗೆ ನನಗೆಂದು ಎರಡು ರೊಟ್ಟಿ ತಪ್ಪದೆ ತೆಗೆದಿಡುತ್ತಿದ್ದಳು. ಆದರೆ ಆ ಮನೆಯಲ್ಲಿ ನಾನು ಕೂರಲು ಯಾವಾಗಲೂ ಯಾರಾದರೂ ಒಬ್ಬರು ಸ್ವಲ್ಪ ಸರಿದುಕೊಳ್ಳಬೇಕಿತ್ತು. ಅದಕ್ಕೇ ಕುರುಗೋಡಿನಲ್ಲಿ ಹಿಟ್ಟಿನ ಗಿರಣಿಯ ಮೇಲಿನ ಒಂದು ಕೋಣೆ ಬಾಡಿಗೆಗೆ ಹಿಡಿದೆ. ದಿನಾ ಬಸ್ಸಿಗೆ ಓಡಾಡುವುದು ಕಷ್ಟ ಎಂದು ಅಣ್ಣನಿಗೆ ಹೇಳಿದೆ. ಅವನೂ ಹೌದು ಅಂದ.

ಉಳಿದ ಶಿಕ್ಷಕರೆಲ್ಲ ಬಳ್ಳಾರಿಯಿಂದಲೇ ಬಂದುಹೋಗುವವರು. ಸಂಜೆ ಗಂಟೆ ಹೊಡೆದ ಕೂಡಲೇ ಬಸ್ ಸ್ಟ್ಯಾಂಡಿನ ಕಡೆ ನಡೆಯುತ್ತಿದ್ದರು. ನಾನು ಕೋಣೆ ಸೇರಿದ ಸ್ವಲ್ಪ ಹೊತ್ತಿಗೆ ಕೆಳಗೆ ಗಿರಣಿಯೂ ನಿಲ್ಲುತ್ತಿತ್ತು. ಕಾಲಡಿ ನಡುಗುತ್ತಿದ್ದ ನೆಲ ಒಮ್ಮೆಲೇ ಸುಮ್ಮನಾದಾಗ, ಇನ್ನು ನಾಳೆ ಬೆಳಿಗ್ಗೆಯ ಪ್ರಾರ್ಥನೆಯವರೆಗೆ ಮಾತಾಡಲು ಯಾರೂ ಇಲ್ಲ ಎಂದು ಗೊತ್ತಾಗುತ್ತಿತ್ತು.

ಶಾಲೆಯಲ್ಲಿಯೂ ಅಷ್ಟಕ್ಕಷ್ಟೇ. ಪಿ.ಟಿ. ಟೀಚರ್ ಎಂದರೆ ಸಾಲು ನಿಲ್ಲಿಸುವವಳು, ಬಿಸಿಯೂಟದ ಹೊತ್ತಿಗೆ ಗದ್ದಲ ಅಡಗಿಸುವವಳು. ಆಟದ ಪಿರಿಯಡ್ಡಿಗೆ ಗಂಡುಹುಡುಗರು ಬ್ಯಾಟು ಹಿಡಿದು ಮೈದಾನಕ್ಕೆ ನುಗ್ಗುತ್ತಿದ್ದರು. ಆರನೇ ಏಳನೇ ತರಗತಿಯ ಹುಡುಗಿಯರು ಕಾಂಪೌಂಡಿನ ನೆರಳಲ್ಲಿ ಒಬ್ಬರ ಜಡೆ ಒಬ್ಬರು ಹೆಣೆಯುತ್ತ ಕೂರುತ್ತಿದ್ದರು.

"ನೀವ್ಯಾಕ್ರೇ ಆಡಂಗಿಲ್ಲ?" ಎಂದು ಕೇಳಿದೆ.

"ನಮಗ ಬರಂಗಿಲ್ರಿ ಟೀಚರ್."

"ಬರಂಗಿಲ್ಲ ಅಂದ್ರ ಕಲಿಯಾಕ ಬರ್ರಿ."

ಅವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಒಬ್ಬಳು ಮೆಲ್ಲಗೆ, "ಮೈದಾನ ಅವರ್ದು ಅಲ್ಲೇನ್ರಿ?" ಅಂದಳು. ಅವಳ ಮಾತಿನಲ್ಲಿ ದೂರಿರಲಿಲ್ಲ. ಇದು ಅವರ ಹೊಲ, ಅದು ಇವರ ಹೊಲ ಎಂದು ಹೇಳುವಂತೆ ಹೇಳಿದಳು.

ಮೈದಾನದ ಬಲಗಡೆ ಒಂದು ಬೇವಿನ ಮರ ಇತ್ತು. ಹೆಡ್‌ಮಾಸ್ಟರನ್ನು ಕೇಳಿ ಅದರ ಈಚೆಯ ಜಾಗವನ್ನು ಹುಡುಗಿಯರಿಗೆ ಬಿಡಿಸಿಕೊಂಡೆ. ಎದುರಿಗೆ ಒಂದು ಕಬ್ಬಿಣದ ಪೈಪು ನೆಡಿಸಿ ಮರದಿಂದ ಪೈಪಿಗೆ ನೆಟ್ ಕಟ್ಟಿದೆ. ಬಳ್ಳಾರಿಯ ಬ್ರೂಸ್‌ಪೇಟೆಗೆ ಹೋಗಿ ಥ್ರೋಬಾಲ್ ಚೆಂಡು ಕೊಂಡು ತಂದೆ. ಸುಣ್ಣದ ಪುಡಿಯಿಂದ ಗೆರೆ ಎಳೆಯುವಾಗ ಹುಡುಗಿಯರು ಒಬ್ಬೊಬ್ಬರಾಗಿ ಎದ್ದು ಬಂದು ಹಗ್ಗ ಹಿಡಿದರು. ಎರೆ ಮಣ್ಣಿನ ಮೇಲೆ ಬಿಳಿ ಗೆರೆ ಎದ್ದು ಕಾಣುತ್ತಿತ್ತು. ತಮಗಾಗಿ ಎಳೆದ ಗೆರೆಯನ್ನು ತುಳಿಯದೆ ಅವರು ದಾಟಿ ದಾಟಿ ಓಡಾಡಿದ್ದು ನನಗೆ ಇನ್ನೂ ಕಣ್ಣಿಗೆ ಕಟ್ಟಿದಂತಿದೆ.

ಮೊದಲ ವಾರ ನೆಟ್ಟಿನ ಹತ್ತಿರ ಯಾರನ್ನೂ ಬಿಡಲಿಲ್ಲ. ಇಬ್ಬಿಬ್ಬರನ್ನು ಎದುರುಬದುರು ನಿಲ್ಲಿಸಿ ಚೆಂಡು ಕೊಟ್ಟು ತೆಗೆದುಕೊಳ್ಳುವುದನ್ನಷ್ಟೇ ಮಾಡಿಸಿದೆ. ಇದ್ದ ಚೆಂಡು ಒಂದೇ ಆದ್ದರಿಂದ ಹಳೆಯ ವಾಲಿಬಾಲು, ಬಟ್ಟೆ ಸುತ್ತಿದ ಉಂಡೆ, ಸಿಕ್ಕಿದ್ದೆಲ್ಲ ಚೆಂಡೇ. ಥ್ರೋಬಾಲಿನಲ್ಲಿ ಬಂದ ಚೆಂಡನ್ನು ಎರಡೂ ಕೈಯಿಂದ ಒಟ್ಟಿಗೇ ಹಿಡಿಯಬೇಕು. ಎದೆಗೆ ಅವಚಿಕೊಳ್ಳುವಂತಿಲ್ಲ, ಅಂಗೈಯಲ್ಲಿ ಜಾರಿ ಮತ್ತೆ ಹಿಡಿಯುವಂತಿಲ್ಲ, ಸಪ್ಪಳವಾಗುವಂತಿಲ್ಲ. ಟಪ್ ಎಂದರೆ ಪಾಯಿಂಟ್ ಎದುರಿನವರಿಗೆ. ಹಿಡಿಯುವಾಗ ಕಾಲು ನೆಲ ಬಿಡಬಾರದು. ಇವರೋ ಚೆಂಡು ಬರುತ್ತಲೇ ಕಣ್ಣು ಮುಚ್ಚುತ್ತಿದ್ದರು, ಇಲ್ಲವೇ ಕೂಸನ್ನು ತಬ್ಬಿದಂತೆ ತಬ್ಬುತ್ತಿದ್ದರು.

ಅದಕ್ಕೆ ಒಂದು ಆಟ ಮಾಡಿದೆ. ಎಲ್ಲರೂ ವೃತ್ತವಾಗಿ ನಿಲ್ಲಬೇಕು, ಚೆಂಡು ಒಬ್ಬರಿಂದ ಒಬ್ಬರಿಗೆ ಹೋಗಬೇಕು, ನಡುವೆ ಒಬ್ಬಳು ಕಣ್ಣಿಗೆ ವೇಲ್ ಕಟ್ಟಿಕೊಂಡು ಕೂರಬೇಕು. ಅವಳಿಗೆ ಸಪ್ಪಳ ಕೇಳಿದರೆ ಆ ಕಡೆ ಕೈ ತೋರಿಸುತ್ತಾಳೆ, ಅಲ್ಲಿದ್ದವಳು ನಡುವೆ ಬರಬೇಕು. ಗಾಜಿನ ಬಳೆಗಳದೇ ತೊಂದರೆಯಾಯಿತು. ಚೆಂಡು ಸದ್ದು ಮಾಡದಿದ್ದರೂ ಬಳೆ ಮಾಡುತ್ತಿತ್ತು. ಎಲ್ಲರೂ ಬಳೆ ತೆಗೆದು ರಿಬ್ಬನ್ನಿಗೆ ಪೋಣಿಸಿ ಬೇವಿನ ಕೊಂಬೆಗೆ ಕಟ್ಟಿದರು. ಚೆಂಡಿನ ಜತೆ ಕೈಯನ್ನು ಸ್ವಲ್ಪ ಹಿಂದಕ್ಕೆ ತಂದುಕೊಂಡರೆ ಅದು ತಾನಾಗಿ ಮೆತ್ತಗೆ ಕೂರುತ್ತದೆ ಎಂದು ನಾನು ಹೇಳಿಕೊಟ್ಟದ್ದಕ್ಕಿಂತ ಆ ಆಟವೇ ಅವರಿಗೆ ಬೇಗ ಕಲಿಸಿತು. ಹದಿನೈದು ಹುಡುಗಿಯರು ಉಸಿರು ಬಿಗಿಹಿಡಿದು ಚೆಂಡು ಸಾಗಿಸುವಾಗ ಆಚೆ ಕ್ರಿಕೆಟ್ ಆಡುವವರ ಕೂಗಷ್ಟೇ ಕೇಳುತ್ತಿತ್ತು.

ಹಿಡಿದ ಮೇಲೆ ಮೂರು ಸೆಕೆಂಡಿನೊಳಗೆ ಎಸೆಯಬೇಕು. ಅದಕ್ಕೆ ಉಳಿದವರೆಲ್ಲ "ಒಂದು... ಎರಡು... ಮೂರು" ಎಂದು ಕೂಗಬೇಕು. ಎಸೆಯುವುದು ಒಂದೇ ಕೈಯಿಂದ, ಭುಜಕ್ಕಿಂತ ಮೇಲಿನಿಂದ. ನೆಟ್ಟಿನ ಕೆಳಗೆ ಎರಡೂ ಕಡೆ ಒಂದೊಂದು ಪಟ್ಟಿ ಇರುತ್ತದೆ, ಅದರೊಳಗೆ ಯಾರೂ ಕಾಲಿಡುವಂತಿಲ್ಲ. ನಾವು ಅದಕ್ಕೆ ಹೊಳೆ ಎಂದು ಹೆಸರಿಟ್ಟೆವು. ಕಾಲಿಟ್ಟವಳನ್ನು "ಮುಳುಗಿದಳ್ರೇ!" ಎಂದು ಕೂಗಿ ಎಳೆದುಕೊಂಡು ಹೋಗುತ್ತಿದ್ದರು.

ಒಂದು ದಿನ, ಹೀಗೆ ಜೋಡಿಯಾಗಿ ಪಾಸು ಮಾಡಿಸುವಾಗ, ಸಾಲಿನ ಕೊನೆಗೆ ನಿಲ್ಲುತ್ತಿದ್ದ ಹುಡುಗಿ ಕೇಳಿದಳು:

"ಟೀಚರ್, ಮ್ಯಾಚಿನಾಗ ನಮ್ಮವರಿಗೇ ಚೆಂಡು ಕೊಡಾಕ ಬರ್ತೈತೇನ್ರಿ?"

"ಇಲ್ಲ. ಹಿಡಿದಾಕಿನೇ ಆಚಿಗೆ ಎಸೀಬೇಕು. ನಮ್ಮವರಿಗೆ ಪಾಸ್ ಕೊಟ್ರ ಫೌಲು."

"ಮತ್ತ ಇಲ್ಲಿ ದಿನಾ ಒಬ್ಬರಿಗೊಬ್ಬರು ಕೊಡೋದು ಯಾಕ್ರಿ?"

"ಎದುರಿನವರು ಜೋರಾಗಿ ಎಸೀತಾರ. ನಿನ್ನ ಗೆಳತಿ ಹಿಡಿಯೋಹಂಗ ಎಸೀತಾಳ. ಮೊದ್ಲು ಹಿಡಿಯೋದು ಕಲಿ."

ಅವಳು ಚೆಂಡನ್ನು ಜೋಡಿಯವಳಿಗೆ ಎಸೆದು, "ಅಂದ್ರ ಮ್ಯಾಚಿನಾಗ ಎಲ್ಲಾರೂ ಇದ್ರೂ ಒಬ್ಬಾಕಿನೇ," ಅಂದಳು.

ಅವತ್ತು ಮೊದಲ ಬಾರಿ ಅವಳನ್ನು ಸರಿಯಾಗಿ ನೋಡಿದೆ. ತೆಳ್ಳಗೆ, ಮೊಣಕೈ ಎಲುಬು ಎದ್ದು ಕಾಣುವ ಹುಡುಗಿ. ಅಪ್ಪ ಕಲ್ಲು ಒಡೆಯುವ ಕೆಲಸಕ್ಕೆ ಹೋಗುತ್ತಿದ್ದ. ಅವ್ವ ಇರಲಿಲ್ಲ, ಅಜ್ಜಿ ಸಾಕುತ್ತಿದ್ದಳು. ಬಲಗೈಯಿಂದ ಅವಳು ಎಸೆದದ್ದು ನೆಟ್ ಮುಟ್ಟುತ್ತಲೇ ಇರಲಿಲ್ಲ. ಆದರೆ ನೆಟ್ಟಿನಾಚೆ ಬಿದ್ದ ಚೆಂಡನ್ನು ತಂದು ನನ್ನ ಕಡೆ ಎಸೆಯುವಾಗ, ಯಾರೂ ನೋಡುತ್ತಿಲ್ಲ ಎಂದುಕೊಂಡು ಎಡಗೈಯಿಂದ ಎಸೆದಳು. ಚೆಂಡು ಸೀಳಿಕೊಂಡು ಬಂತು.

"ಹಂಗ ಯಾಕ ಎಸಿಯಲ್ಲ ನೀನು?"

ಅವಳು ಕೈ ಬೆನ್ನ ಹಿಂದೆ ಇಟ್ಟುಕೊಂಡಳು. "ಎಡಗೈ ಮುಂದ ಮಾಡಿದ್ರ ನಮ್ಮಜ್ಜಿ ಬೈತಾಳ್ರಿ. ಉಣ್ಣಾಕ, ಕೊಡಾಕ, ಬರಿಯಾಕ ಎಲ್ಲಾ ಬಲಗೈ ಅಂತಾಳ."

"ಉಣ್ಣೋದು ನಿಮ್ಮಜ್ಜಿ ಹೇಳ್ದಂಗ ಉಣ್ಣು. ಇಲ್ಲಿ ನಿಯಮ ಒಂದು ಕೈ ಅಂತ ಐತಿ. ಯಾವ ಕೈ ಅಂತ ಬರ್ದಿಲ್ಲ."

ಅವಳು ನಕ್ಕಿದ್ದನ್ನು ಅವತ್ತೇ ಮೊದಲು ನೋಡಿದ್ದು.

ಅಲ್ಲಿಂದ ಮುಂದಿನ ಒಂದು ವರ್ಷ, ಇನ್ನೂ ಸ್ವಲ್ಪ ಮೇಲೆ, ನನ್ನ ಬದುಕಿನಲ್ಲಿ ಒಳ್ಳೆಯ ಕಾಲ. ನೆಟ್ಟಿನಾಚೆ ನಾಲ್ಕು ಮೂಲೆಗೆ ಸೈಕಲ್ ಟೈರು ಹಾಕಿ ಅದರೊಳಗೆ ಚೆಂಡು ಬೀಳಿಸುವ ಆಟ ಆಡಿಸಿದೆ. ಚಿಕ್ಕ ಅಂಕಣ ಮಾಡಿ ಇಬ್ಬರ ಮೇಲೆ ಇಬ್ಬರನ್ನು ಬಿಟ್ಟೆ. ಗೆದ್ದ ಜೋಡಿ ಉಳಿಯಬೇಕು, ಸೋತ ಜೋಡಿ ಹೊರಗೆ ಬಂದು ಅಂಪೈರ್ ಆಗಬೇಕು. ಸಪ್ಪಳವಾಯಿತೇ, ಚೆಂಡು ಕೈಯಲ್ಲಿ ಹೊರಳಿತೇ, ಕಾಲು ಎತ್ತಿದಳೇ ಎಂದು ನೋಡುವ ಕೆಲಸ ಸೋತವರಿಗೆ ಕೊಟ್ಟರೆ ಅವರಷ್ಟು ಕಟ್ಟುನಿಟ್ಟು ಮತ್ತಾರಿಲ್ಲ. ನಿಯಮವನ್ನು ಅವರು ಕಲಿತದ್ದೇ ಹಾಗೆ, ಒಬ್ಬರ ತಪ್ಪು ಒಬ್ಬರು ಹಿಡಿಯುತ್ತ. ಕೊನೆಗೆ ಏಳು ಜನರನ್ನು ಎರಡು, ಮೂರು, ಎರಡು ಎಂದು ಮೂರು ಸಾಲಿನಲ್ಲಿ ನಿಲ್ಲಿಸಿ ಪೂರ್ತಿ ಆಟ ಆಡಿಸಿದೆ.

ಎಡಗೈ ಹುಡುಗಿಗೆ ಒಂದು ವಿದ್ಯೆ ಬೇರೆಯಾಗಿ ಹೇಳಿಕೊಟ್ಟೆ. ಬಲಗಡೆಯ ಮೂಲೆ ನೋಡುತ್ತ, ಬಲ ಭುಜವನ್ನೂ ಆ ಕಡೆಗೇ ತಿರುಗಿಸಿ, ಕೊನೆಯ ಗಳಿಗೆಯಲ್ಲಿ ಎಡಗೈಯಿಂದ ಎಡಮೂಲೆಗೆ ಎಸೆಯುವುದು. ಎಲ್ಲರೂ ಹೋದ ಮೇಲೂ ಅವಳು ಉಳಿಯುತ್ತಿದ್ದಳು. ಅವಳಿಗೆ ಮನೆಗೆ ಹೋಗಲು ಅವಸರವಿರಲಿಲ್ಲ, ನನಗೂ ಇರಲಿಲ್ಲ. ಅವಳು ಎಸೆಯುವಳು, ನಾನು ಆಚೆಯಿಂದ ಹಿಡಿದು ಮರಳಿ ಎಸೆಯುವೆ. ಮಾತು ಕಡಿಮೆ. ಗಿರಣಿಯ ಸದ್ದು ನಿಂತದ್ದು ಶಾಲೆಯವರೆಗೂ ಗೊತ್ತಾಗುತ್ತಿತ್ತು. ಆದರೆ ಆ ದಿನಗಳಲ್ಲಿ ಅದು ನನ್ನನ್ನು ಅಷ್ಟು ಕಾಡಲಿಲ್ಲ.

ಅವಳು ಏಳನೆಯ ತರಗತಿಯಲ್ಲಿದ್ದಾಗ, ಅರ್ಧ ವರ್ಷ ಕಳೆದ ಮೇಲೆ, ನನ್ನ ಹುದ್ದೆ ಹೆಚ್ಚುವರಿ ಎಂದು ಆದೇಶ ಬಂತು. ಮಕ್ಕಳ ಸಂಖ್ಯೆ ಕಡಿಮೆ, ದೈಹಿಕ ಶಿಕ್ಷಕರ ಹುದ್ದೆ ಇಲ್ಲಿ ಬೇಕಿಲ್ಲ, ಸಿರುಗುಪ್ಪದಲ್ಲಿ ಖಾಲಿ ಇದೆ. ಹೆಡ್‌ಮಾಸ್ಟರು, "ನಮ್ಮ ಕೈಯಾಗ ಏನೈತ್ರಿ ಮೇಡಂ," ಎಂದರು. ಅವರ ಕೈಯಲ್ಲಿ ನಿಜವಾಗಿಯೂ ಏನೂ ಇರಲಿಲ್ಲ.

ಹುಡುಗಿಯರಿಗೆ ಹೇಳಿದಾಗ ಕೆಲವರು ಅತ್ತರು. ಎಡಗೈ ಹುಡುಗಿ ಅಳಲಿಲ್ಲ. ಚೆಂಡನ್ನು ಕೈಯಲ್ಲಿ ತಿರುಗಿಸುತ್ತ, "ಚೆಂಡು ಇಲ್ಲೇ ಇರ್ತೈತೇನ್ರಿ?" ಎಂದಷ್ಟೇ ಕೇಳಿದಳು.

"ಇರ್ತೈತಿ. ಅದು ಶಾಲಿದು."

"ಸರಿ ಹಂಗಾರ," ಎಂದು ಅವಳು ಅಂಕಣಕ್ಕೆ ಹೋದಳು. ಅದರಿಂದ ನನಗೆ ನೋವಾಯಿತು ಎಂದರೆ ಸುಳ್ಳಲ್ಲ. ಆಮೇಲೆ ಬಸ್ಸಿನಲ್ಲಿ ಕೂತು ಯೋಚಿಸಿದಾಗ ಅನಿಸಿತು: ಹೋಗುವವರನ್ನು ನೋಡಿ ನೋಡಿ ಆ ಮಗು ಮೊದಲು ಉಳಿಯುವುದೇನು ಎಂದು ಕೇಳುವುದನ್ನು ಕಲಿತಿದ್ದಾಳೆ.

ಸಿರುಗುಪ್ಪದಲ್ಲಿ ಮತ್ತೊಂದು ಕೋಣೆ. ಅಕ್ಕಿ ಗಿರಣಿಗಳ ತೌಡಿನ ಧೂಳು ಕಿಟಕಿಯಲ್ಲಿ ದಿನಾ ಕೂರುತ್ತಿತ್ತು, ದಿನಾ ಒರೆಸುತ್ತಿದ್ದೆ. ಮೊದಮೊದಲು ಆ ಶಾಲೆಯ ಹುಡುಗಿಯರ ಹೆಸರು ನಾನು ಬೇಕೆಂದೇ ನಿಧಾನವಾಗಿ ಕಲಿತೆ. ಮತ್ತೆ ಯಾರನ್ನೂ ಹತ್ತಿರ ಮಾಡಿಕೊಳ್ಳುವುದು ಬೇಡ ಎಂದುಕೊಂಡಿದ್ದೆ. ಆದರೆ ಆಟ ಹಾಗೆ ಬಿಡುವುದಿಲ್ಲ. ಅಲ್ಲಿನ ಹುಡುಗಿಯರು ಗಟ್ಟಿ, ಗದ್ದೆಯಲ್ಲಿ ನಾಟಿ ಮಾಡಿದ ಕೈಗಳು. ಕನ್ನಡದ ನಡುವೆ ತೆಲುಗು ಸೇರಿಸಿ ಒಂದೇ ಸಮ ಮಾತಾಡುವವರು. ಅವರಿಗೆ ಎಸೆಯಲು ಕಲಿಸಬೇಕಿರಲಿಲ್ಲ. ಸದ್ದಿಲ್ಲದೆ ಹಿಡಿಯಲು ಕಲಿಸುವುದಕ್ಕೆ ಮಾತ್ರ ತಿಂಗಳುಗಳೇ ಬೇಕಾದವು. ಅವರಲ್ಲಿ ಕಿರಿಯವಳು ರಾರಾವಿ ಎಂಬ ಹಳ್ಳಿಯ ಕಡೆಯಿಂದ ಬರುತ್ತಿದ್ದ ಒಬ್ಬ ಗಿಡ್ಡ ಹುಡುಗಿ. ಬಾಯಿ ಮುಚ್ಚಿದ್ದೇ ಇಲ್ಲ. ನಡುವೆ ಕಣ್ಣು ಕಟ್ಟಿಕೊಂಡು ಕೂತಾಗಲೂ, "ಯಾರ್ದೋ ಉಸಿರು ಕೇಳಕತ್ತೈತ್ರಿ ಟೀಚರ್!" ಎಂದು ಕೂಗುವವಳು. ಅವಳ ದೆಸೆಯಿಂದ ನಾನು ಅಲ್ಲಿ ಮತ್ತೆ ನಗಲು ಶುರು ಮಾಡಿದೆ.

ಮರುವರ್ಷ ಸಿರುಗುಪ್ಪದ ಹುಡುಗಿಯರು ತಾಲ್ಲೂಕಿನಲ್ಲಿ ಗೆದ್ದು ಜಿಲ್ಲಾ ಮಟ್ಟಕ್ಕೆ ಬಂದರು. ಬಳ್ಳಾರಿಯ ಮೈದಾನದಲ್ಲಿ ಬೆಳಿಗ್ಗೆಯೇ ಇಳಿದೆವು. ಪಂದ್ಯದ ಪಟ್ಟಿ ಓದಿ ಹೇಳಿದಾಗ ಕುರುಗೋಡಿನ ಹೆಸರು ಕೇಳಿತು. ಅವರೂ ಗೆದ್ದು ಬಂದಿದ್ದರು, ದೈಹಿಕ ಶಿಕ್ಷಕರು ಯಾರೂ ಇಲ್ಲದ ಶಾಲೆಯಿಂದ.

ಮೈದಾನದ ಆ ತುದಿಗೆ ಅವರು ಕಾಣಿಸಿದರು. ವೃತ್ತವಾಗಿ ನಿಂತಿದ್ದರು. ನಡುವೆ ಒಬ್ಬಳು ಕಣ್ಣಿಗೆ ವೇಲ್ ಕಟ್ಟಿಕೊಂಡು ಕೂತಿದ್ದಳು. ಅಷ್ಟು ಗದ್ದಲದಲ್ಲಿ, ಮೈಕಿನ ಕೂಗಿನಲ್ಲಿ, ಅವಳಿಗೆ ಏನೂ ಕೇಳಿಸುವುದು ಸಾಧ್ಯವಿರಲಿಲ್ಲ. ಆದರೂ ಆಡುತ್ತಿದ್ದರು. ನಾನು ಆ ಕಡೆ ನಾಲ್ಕು ಹೆಜ್ಜೆ ಹಾಕಿದೆ. ಹಿಂದಿನಿಂದ ಗಿಡ್ಡ ಹುಡುಗಿ, "ಟೀಚರ್, ಎಲ್ಲಿಗ್ರಿ? ನಮ್ಗೂ ವಾರ್ಮಪ್ ಮಾಡಿಸ್ರಿ," ಎಂದು ಕರೆದಳು. ತಿರುಗಿ ಬಂದೆ.

ಅವರನ್ನು ಕರೆತಂದಿದ್ದವರು ಹಿಂದಿ ಮೇಷ್ಟ್ರು. ನನ್ನನ್ನು ನೋಡಿ ತಾವಾಗಿ ಬಂದರು. "ನನಗ ಆಟದ್ದು ಏನೂ ಗೊತ್ತಿಲ್ರಿ ಮೇಡಂ. ಎಂಟನೇ ಕ್ಲಾಸಿನ ಆ ಎಡಗೈ ಹುಡುಗಿ ಅದಾಳಲ್ಲ, ಆಕಿನೇ ದಿನಾ ಎಲ್ಲಾರನೂ ನಿಲ್ಲಿಸಿ ಆಡಿಸ್ತಾಳ. ನಾ ಬರೇ ಬಸ್ಸಿಗೆ ಕರ್ಕೊಂಡ್ ಬಂದೀನಿ."

ಎರಡೂ ತಂಡಗಳು ಒಂದೊಂದು ಪಂದ್ಯ ಗೆದ್ದವು. ಮಧ್ಯಾಹ್ನದ ಊಟವಾದ ಮೇಲೆ ನಾವು ನಾವೇ ಎದುರಾದೆವು.

ಗೆರೆಯ ಹೊರಗೆ ನಿಂತಿದ್ದ ನನಗೆ ಆಗ ಆದದ್ದನ್ನು ಹೇಗೆ ಹೇಳಲಿ. ನೆಟ್ಟಿನ ಆಚೆ ಒಬ್ಬಳು ಚೆಂಡು ಹಿಡಿದರೆ ಕೈ ಹಿಂದಕ್ಕೆ ತೆಗೆದುಕೊಂಡ ರೀತಿ ನನ್ನದು. ಈಚೆ ಇನ್ನೊಬ್ಬಳು ಹಿಡಿದರೆ ಅದೂ ನನ್ನದೇ. ಹಿಡಿದ ಕೂಡಲೇ ಆಚೆಯ ಹುಡುಗಿಯರ ತುಟಿ ಒಂದು, ಎರಡು ಎಂದು ಅಲುಗುತ್ತಿತ್ತು, ಈಚೆಯವರದೂ ಅಲುಗುತ್ತಿತ್ತು. ಪಾಯಿಂಟ್ ಯಾರಿಗೆ ಹೋದರೂ ನನ್ನೊಳಗೆ ಒಂದು ಚೂರು ಹಾರುತ್ತಿತ್ತು, ಒಂದು ಚೂರು ಕುಸಿಯುತ್ತಿತ್ತು. ಚಪ್ಪಾಳೆ ಮಾತ್ರ ಒಂದು ಕಡೆಗೇ ತಟ್ಟಬೇಕಿತ್ತು. ಕುರುಗೋಡಿನ ಹುಡುಗಿಯರು ನನ್ನ ಕಡೆ ನೋಡಲಿಲ್ಲ. ನೋಡಬಾರದೆಂದು ಮಾತಾಡಿಕೊಂಡು ಬಂದಿದ್ದರೋ ಏನೋ.

ಮೊದಲ ಸೆಟ್ ಅವರು ಗೆದ್ದರು, ಎರಡನೆಯದು ನಾವು. ಮೂರನೆಯದರಲ್ಲಿ ಎಡಗೈ ಹುಡುಗಿ ತನ್ನ ಬಲಮೂಲೆ ನೋಡುತ್ತ ಎಡಮೂಲೆಗೆ ಎಸೆಯತೊಡಗಿದಳು. ನಮ್ಮವರು ಪ್ರತಿ ಸಲ ಅವಳು ನೋಡಿದ ಕಡೆಗೇ ಓಡಿದರು, ಪ್ರತಿ ಸಲ ಚೆಂಡು ಖಾಲಿ ಜಾಗಕ್ಕೆ ಬಿತ್ತು. ನಾನು ಟೈಮ್‌ಔಟ್ ಕೇಳಿದೆ. ಹುಡುಗಿಯರು ಬೆವರು ಒರೆಸುತ್ತ ಸುತ್ತಲೂ ನಿಂತರು. ಗಿಡ್ಡ ಹುಡುಗಿ ನನ್ನ ಕೈ ಹಿಡಿದಳು.

"ಟೀಚರ್, ಆಕಿಗೆ ನೀವೇ ಕಲ್ಸಿದ್ದಂತ ಹೌದೇನ್ರಿ? ಆಕಿ ಎಲ್ಲಿ ಹಾಕ್ತಾಳ ನಿಮಗ ಗೊತ್ತಿರ್ತೈತಲ್ರಿ. ಹೇಳ್ರಿ."

ಎಲ್ಲರೂ ನನ್ನ ಮುಖ ನೋಡಿದರು. ಅರ್ಧ ನಿಮಿಷದ ಬಿಡುವು ಅದು. ಹೇಳದೆ ಇರಬಹುದಿತ್ತು. ಧೈರ್ಯದಿಂದ ಆಡಿ ಎಂದು ಬೆನ್ನು ತಟ್ಟಿ ಕಳಿಸಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಆದರೆ ಈ ಹುಡುಗಿಯರು ನನ್ನನ್ನು ನಂಬಿ ಕೇಳಿದ್ದರು. ಅವರಿಗೆ ನಾನಲ್ಲದೆ ಬೇರೆ ಟೀಚರ್ ಇರಲಿಲ್ಲ.

"ಆಕಿ ಕಣ್ಣು ನೋಡಬ್ಯಾಡ್ರಿ," ಎಂದೆ. "ಭುಜಾನೂ ನೋಡಬ್ಯಾಡ್ರಿ. ಎಡಗಾಲು ನೋಡ್ರಿ. ಹೆಬ್ಬೆರಳು ಯಾ ಕಡಿಗೆ ತಿರುಗ್ತೈತಿ, ಚೆಂಡು ಅಲ್ಲಿಗೆ ಬರ್ತೈತಿ."

ಅಂಪೈರ್ ಸೀಟಿ ಊದಿದರು. ಆಟ ಮತ್ತೆ ಶುರುವಾಯಿತು. ಎಡಗೈ ಹುಡುಗಿಗೆ ಚೆಂಡು ಸಿಕ್ಕಿತು. ಬಲಗಡೆ ನೋಡಿದಳು, ಭುಜ ತಿರುಗಿಸಿದಳು, ಎಸೆದಳು. ಗಿಡ್ಡ ಹುಡುಗಿ ಆಗಲೇ ಚೆಂಡು ಬರುವ ಮೂಲೆಯಲ್ಲಿದ್ದಳು. ಎರಡೂ ಕೈಗೆ ಬಂದ ಚೆಂಡು ಒಂದಿಷ್ಟೂ ಸದ್ದು ಮಾಡಲಿಲ್ಲ. ನಮ್ಮವರು ಪಾಯಿಂಟ್ ತೆಗೆದುಕೊಂಡರು. ಮುಂದಿನ ಸಲವೂ ಹಾಗೆಯೇ ಆಯಿತು. ಮೂರನೆಯ ಸಲವೂ ನಮ್ಮವರು ಚೆಂಡು ಹಿಡಿದಾಗ ಎಡಗೈ ಹುಡುಗಿ ತನ್ನ ಕಾಲನ್ನು ನೋಡಿಕೊಂಡಳು. ಆಮೇಲೆ ತಲೆ ಎತ್ತಿ, ಆ ದಿನ ಮೊದಲ ಬಾರಿಗೆ, ನನ್ನನ್ನು ನೋಡಿದಳು.

ಅದರಲ್ಲಿ ಸಿಟ್ಟಿತ್ತೇ? ನನಗೆ ಹಾಗೆ ಕಾಣಲಿಲ್ಲ. ಬಾಗಿಲು ಹಾಕಿಕೊಳ್ಳುವ ಮೊದಲು ಹೊರಗೆ ಯಾರಾದರೂ ಇದ್ದಾರೆಯೇ ಎಂದು ನೋಡುವಂತೆ ನೋಡಿದಳು. ನಾನು ಕಣ್ಣು ತಪ್ಪಿಸಲಿಲ್ಲ. ಅದಷ್ಟೇ ನನ್ನ ಕೈಲಾದದ್ದು.

ಪಾಯಿಂಟುಗಳು ಸಮವಾದವು. ಕುರುಗೋಡಿನ ಸರ್ವಿಸ್ಸನ್ನು ನಮ್ಮವರು ಹಿಡಿದು ಎಸೆದರು, ಅವರು ಹಿಡಿದು ಎಸೆದರು. ಹಾಗೆ ಹೋಗಿ ಬಂದು ಚೆಂಡು ಎಡಗೈ ಹುಡುಗಿಯ ಕೈಗೆ ಬಂತು. ಅವಳು ಮುಂದಿನ ಸಾಲಿನಲ್ಲಿದ್ದಳು. ಕೈ ಪೂರ್ತಿ ಹಿಂದಕ್ಕೆ ಎತ್ತಿದಳು, ಎಡಗಾಲ ಹೆಬ್ಬೆರಳು ಎಡಮೂಲೆಗೆ ಸ್ಪಷ್ಟವಾಗಿ ತಿರುಗಿತು. ನಮ್ಮವರೆಲ್ಲ ಹಿಂದಕ್ಕೆ, ಆ ಮೂಲೆಗೆ ಸರಿದರು. ಅವಳ ಕೈ ಅಷ್ಟೇ ವೇಗವಾಗಿ ಮೇಲೆ ಬಂತು. ಕೊನೆಗೆ ಮಾತ್ರ ಬೆರಳು ಸಡಿಲವಾದವು. ಚೆಂಡು ನೆಟ್ಟಿನ ಮೇಲಂಚು ಸವರಿದಂತೆ ದಾಟಿ, ಹೊಳೆಯ ಗೆರೆಯಿಂದ ಗೇಣು ಆಚೆಗೆ ತೊಪ್ಪನೆ ಬಿತ್ತು. ಅಲ್ಲಿ ಯಾರೂ ಇರಲಿಲ್ಲ.

ಅದನ್ನು ನಾನು ಅವಳಿಗೆ ಕಲಿಸಿರಲಿಲ್ಲ. ಅಂಥದೊಂದು ಎಸೆತ ನನ್ನ ತಲೆಗೇ ಬಂದಿರಲಿಲ್ಲ. ಮತ್ತೊಮ್ಮೆ ಹಾಗೆ ಎಸೆದಳು. ಮೂರನೆಯ ಸಲ ನಮ್ಮವರು ಮುಂದೆ ಬಂದು ನಿಂತರು, ಆಗ ಎಡಮೂಲೆಗೇ ಹೊಡೆದಳು. ಪಂದ್ಯ ಮುಗಿಯಿತು.

ಕುರುಗೋಡಿನವರು ಒಬ್ಬರನ್ನೊಬ್ಬರು ತಬ್ಬಿಕೊಂಡು ಕಿರುಚಿದರು. ನಮ್ಮವರು ನೆಲದ ಮೇಲೆ ಕೂತರು. ಗಿಡ್ಡ ಹುಡುಗಿ ಅಳುತ್ತಿದ್ದಳು. ಒಬ್ಬಳು ಅವಳಿಗೆ ನೀರು ಕೊಡುತ್ತ, ನನಗೆ ಕೇಳಲಿ ಎಂದೋ ಬೇಡ ಎಂದೋ, "ಟೀಚರ್‌ಗೇನು, ಆ ಕಡಿಯವರೂ ಅವ್ರ ಹುಡುಗ್ಯಾರೇ," ಅಂದಳು. ನಾನು ನೆಟ್ ಬಿಚ್ಚುವವರಿಗೆ ಸಹಾಯ ಮಾಡುವ ನೆಪದಿಂದ ಆ ಕಡೆ ಹೋದೆ. ಗೆದ್ದವರ ಗುಂಪಿಗೆ ಹೋಗುವಂತಿರಲಿಲ್ಲ, ಸೋತವರ ನಡುವೆಯೂ ನನಗೆ ಆ ಹೊತ್ತಿಗೆ ಜಾಗವಿರಲಿಲ್ಲ. ನಾನು ಹುಟ್ಟಿ ಬೆಳೆದ ಊರು ಅದು, ಅಣ್ಣನ ಮನೆ ಆಟೋ ಹತ್ತಿದರೆ ಹತ್ತಿರವೇ. ಆದರೂ ಅಷ್ಟು ಜನರ ನಡುವೆ ಅಷ್ಟು ಒಂಟಿಯಾಗಿ ನಾನು ಯಾವತ್ತೂ ನಿಂತಿರಲಿಲ್ಲ.

ಹಗ್ಗದ ಗಂಟು ಬಿಚ್ಚುತ್ತಿದ್ದಾಗ ಪಕ್ಕದಲ್ಲಿ ಯಾರೋ ನಿಂತಂತಾಯಿತು. ಎಡಗೈ ಹುಡುಗಿ. ಈಗ ನನ್ನ ಭುಜದಷ್ಟು ಎತ್ತರವಾಗಿದ್ದಳು.

"ನೀವೇ ಹೇಳಿದ್ರೇನ್ರಿ ಟೀಚರ್ ಅವರಿಗೆ, ಕಾಲು ನೋಡ್ರಿ ಅಂತ?"

"ಹೌದು."

"ನನಗೂ ಗೊತ್ತಿರಲಿಲ್ರಿ, ಕಾಲು ತಿರುಗ್ತೈತಿ ಅಂತ."

"ಸಿಟ್ಟು ಬಂತೇನು?"

"ಹೂಂ." ಬಿಚ್ಚಿದ ಹಗ್ಗದ ತುದಿ ಹಿಡಿದುಕೊಂಡು, "ಬಂತು, ಆಮ್ಯಾಲ ಹೋತು," ಅಂದಳು. "ಅವರಿಗೂ ಟೀಚರ್ ಬೇಕಲ್ರಿ."

ನಾನು ಗಂಟು ಬಿಚ್ಚುವುದನ್ನು ಮುಂದುವರಿಸಿದೆ. "ಆ ಸಣ್ಣ ಎಸೆತ ಯಾರು ಕಲಿಸಿದ್ರು?"

"ಯಾರೂ ಇಲ್ರಿ. ಎಲ್ಲಾರೂ ಮನಿಗೆ ಹೋದ್ಮ್ಯಾಲ ಒಬ್ಬಾಕಿನೇ ಎಸೀತೀನಿ. ದೂರ ಎಸೆದ್ರ ತರಾಕ ಬಾಳ ದೂರ ಹೋಗಬೇಕಾಗ್ತೈತ್ರಿ. ಅದ್ಕ ಹತ್ರನೇ ಬೀಳೋಹಂಗ ಎಸೀತಿದ್ದೆ. ಹಂಗ ಬಂತು."

ಹಿಂದಿ ಮೇಷ್ಟ್ರು ಬಸ್ಸಿಗೆ ಹೊತ್ತಾಯಿತೆಂದು ಕೂಗಿದರು. ಅವಳು ಬಗ್ಗಿ ನನ್ನ ಕಾಲು ಮುಟ್ಟಿ, ಎದ್ದು ಓಡಿದಳು. ಮಾತು ಇನ್ನೂ ಇತ್ತು. ಅಜ್ಜಿ ಹೇಗಿದ್ದಾಳೆ ಎಂದು ಕೇಳಬೇಕಿತ್ತು. ಮುಂದೆ ಹೈಸ್ಕೂಲಿನಲ್ಲಿಯೂ ಆಡು ಎಂದು ಹೇಳಬೇಕಿತ್ತು. ಅಷ್ಟರಲ್ಲಿ ಅವಳು ಗುಂಪಿನಲ್ಲಿ ಸೇರಿಹೋಗಿದ್ದಳು.

ಸಿರುಗುಪ್ಪಕ್ಕೆ ಮರಳುವ ಬಸ್ಸಿನಲ್ಲಿ ಹುಡುಗಿಯರು ಬಹಳ ಹೊತ್ತು ನನ್ನೊಂದಿಗೆ ಮಾತಾಡಲಿಲ್ಲ. ಅರ್ಧ ದಾರಿ ಕಳೆದ ಮೇಲೆ ಗಿಡ್ಡ ಹುಡುಗಿ ತನ್ನ ಸೀಟು ಬಿಟ್ಟು ಬಂದು ನನ್ನ ಪಕ್ಕ ಕೂತಳು. ಅತ್ತು ಅವಳ ಮೂಗು ಕಟ್ಟಿತ್ತು.

"ಟೀಚರ್, ಆ ಸಣ್ಣ ಎಸೆತ ನನಗೂ ಕಲ್ಸಿಕೊಡ್ರಿ."

"ನನಗೂ ಬರಂಗಿಲ್ಲ."

ಅವಳು ನಂಬದೆ ನನ್ನನ್ನು ನೋಡಿದಳು. ಟೀಚರಿಗೆ ಬರದ ಎಸೆತ ಇರಬಹುದೆಂದು ಅವಳು ಯೋಚಿಸಿರಲಿಲ್ಲ. "ಅಯ್ಯೋ," ಅಂದಳು. ಆಮೇಲೆ ನನ್ನ ತೋಳಿಗೆ ತಲೆ ಆನಿಸಿ ನಿದ್ದೆ ಹೋದಳು. ಅವಳ ತಲೆ ಜಾರದಂತೆ ಊರು ಬರುವವರೆಗೆ ನಾನು ಕೈ ಅಲುಗಿಸಲಿಲ್ಲ.

ಮರುದಿನ ಶಾಲೆ ಬಿಟ್ಟ ಮೇಲೆ ಮೈದಾನದಲ್ಲಿ ಯಾರೂ ಇರಲಿಲ್ಲ. ಪಂದ್ಯಕ್ಕೆ ಹೋದವರಿಗೆ ಬೇಗ ಮನೆಗೆ ಹೋಗಲು ಬಿಟ್ಟಿದ್ದೆ. ಚೆಂಡು ತೆಗೆದುಕೊಂಡು ನೆಟ್ಟಿನ ಮುಂದೆ ನಿಂತೆ. ಕೈ ಪೂರ್ತಿ ಹಿಂದಕ್ಕೆ ತೆಗೆದು, ಕೊನೆಗೆ ಬೆರಳು ಸಡಿಲ ಬಿಟ್ಟು ಎಸೆದೆ. ಚೆಂಡು ನೆಟ್ಟಿಗೆ ಬಡಿದು ಕಾಲ ಬಳಿಯೇ ಬಿತ್ತು. ಮತ್ತೆ ಎಸೆದೆ, ಬಹಳ ಆಚೆಗೆ ಹೋಯಿತು. ಮರಳಿ ಎಸೆಯಲು ಆಚೆ ಯಾರೂ ಇರಲಿಲ್ಲ. ಕಂಬ ಸುತ್ತಿ ಹೋಗಿ ಚೆಂಡು ತಂದೆ, ಮತ್ತೆ ಎಸೆದೆ, ಮತ್ತೆ ಸುತ್ತಿ ಹೋದೆ. ಆ ಹುಡುಗಿ ಕುರುಗೋಡಿನಲ್ಲಿ ಎಷ್ಟು ಸಂಜೆ ಹೀಗೆ ಓಡಾಡಿದ್ದಳೋ. ಮೈದಾನದ ಗೆರೆ ಕಂಡೂ ಕಾಣದಷ್ಟು ಮಬ್ಬಾಗುವ ಹೊತ್ತಿಗೆ ಒಂದೇ ಒಂದು ಸಲ ಚೆಂಡು ಮೆತ್ತಗೆ ದಾಟಿ ಗೆರೆಯ ಆಚೆ ಕೂತಿತು.